ಅವ್ವ ನೋಡದ ತಾಜ್‌ಮಹಲ್

ನನ್ನವ್ವಾ,

ಮಾರಿಕಣಿವೆ ಡ್ಯಾಮಿನ ಮೇಲೆ ನೀನು, ಅಪ್ಪ, ನಾನು ನಿಂತು ತೆಗೆಸಿಕೊಂಡ ಫೋಟೊ ನೆನಪಿದೆಯಾ? ಮುಂದಿನ ಹಲ್ಲು ಮುರಿದಿದೆಯೆಂದು ನೀನು ಬಾಯಿ ಬಿಗಿಹಿಡಿದೇ ನಿಂತಿದ್ದೆ. ಮೊನ್ನೆ ಅದನ್ನು ಮೊಬೈಲಿನ ಎಐ ಆ್ಯಪಿಗೆ ಹಾಕಿ, 'ಇವರನ್ನು ತಾಜ್‌ಮಹಲಿನ ಮುಂದೆ ನಿಲ್ಲಿಸು' ಎಂದು ಬರೆದೆ. ನೀನು ಹೋಗಿ ವರ್ಷ ತುಂಬುತ್ತ ಬಂತು, ತಾಜ್‌ಮಹಲ್ ನೋಡುವ ನಿನ್ನ ಆಸೆ ಹೀಗಾದರೂ ತೀರಲಿ ಅಂತ...

ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು ನೋಡು! ಬಿಳಿ ಗುಮ್ಮಟ, ನೀರಿನ ಕಾಲುವೆ, ಮುಂದೆ ನಾವು ಮೂವರು. ಅಪ್ಪ ಕಣ್ಣೊರೆಸಿಕೊಂಡ. ನಾನು ಚಿತ್ರ ಹಿಗ್ಗಿಸಿ ನೋಡಿ ಬೆಚ್ಚಿಬಿದ್ದೆ. ನೀನು ಹಲ್ಲು ಬಿಟ್ಟು ನಗುತ್ತಿದ್ದೆ, ಒಂದೂ ಮುಕ್ಕಾಗದ ಸಾಲು. ಗಲ್ಲದ ಮಚ್ಚೆ ಇರಲಿಲ್ಲ. ಸೀರೆಯ ಅಂಚು ಬೇರೆ. ಈ ಆ್ಯಪು ನಮ್ಮನ್ನು ಕತ್ತರಿಸಿ ಅಂಟಿಸುವುದಿಲ್ಲವಂತೆ. ಮುಖವನ್ನೂ ಹೊಸದಾಗಿ ಬಿಡಿಸಿ, ತಿಳಿಯದ್ದನ್ನು ಊಹಿಸಿ ತುಂಬುತ್ತದಂತೆ. ಹಾಗಾದರೆ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತವಳು ಯಾರವ್ವಾ?

ಆದರೂ ಮನೆಯವರ ಗ್ರೂಪಿಗೆ ಹಾಕಿದೆ. ಕೆಳಗೆ 'ಇದು ಎಐ ಮಾಡಿದ್ದು, ನಾವು ಹೋಗಿಲ್ಲ' ಎಂದೂ ಬರೆದೆ. ಬೇರೆ ಊರಿನಲ್ಲಿ ಕೆಲಸಕ್ಕಿರುವ ಚಿಕ್ಕವ್ವನ ಮಗ ಮಂಜ, ಆ ಪುಣ್ಯಾತ್ಮ, ಚಿತ್ರವನ್ನಷ್ಟೇ ಉಳಿಸಿಕೊಂಡು ತನ್ನ ಸ್ಟೇಟಸ್ಸಿಗೆ ಹಾಕಿದ. ನನ್ನ ಬರಹ ಗ್ರೂಪಿನಲ್ಲೇ ಉಳಿಯಿತು. ಚಿಕ್ಕಜಾಜೂರಿನಲ್ಲಿ ಪಕ್ಕದ ಮನೆಯವರು ಅದನ್ನು ಚಿಕ್ಕವ್ವನಿಗೆ ತೋರಿಸಿದರು.

ಹಿರಿಯರ ಎಡೆಗೆ ಕರೆಯಲು ಫೋನ್ ಮಾಡಿದರೆ, "ನಾ ಬರಲ್ಲ ಕಣೇ" ಅಂದಳು. ನಿನ್ನ ಎಡೆಗೆ ಸೀರೆ ಇಡಬೇಕಾದ ತಂಗಿ! ತಡೆಯಲಾರದೆ ಬಸ್ಸು ಹತ್ತಿ ಅವಳ ಮನೆಗೇ ಹೋದೆ.

"ಇಲ್ಲಿ ರೈಲು ಹೋದಾಗೆಲ್ಲ ನಮ್ಮಕ್ಕ, ಇಬ್ರೂ ಒಟ್ಟಿಗೆ ಆಗ್ರಾಕ್ಕೆ ಹೋಗಾಣ ಅಂತಿದ್ಲು. ನನ್ನ ಬಿಟ್ಟು ಹೋಗ್ಯಾಳೆ. ಅದೂ ಹೋಗ್ಲಿ ಬಿಡು... ನನ್ನ ಜೊತೆ ಇದ್ದಾಗ ಒಂದಿನನಾದ್ರೂ ಹಿಂಗೆ ನಕ್ಕಿದ್ಲೇನೇ?"

ಎರಡೂ ಫೋಟೊ ಪಕ್ಕಪಕ್ಕ ಹಿಡಿದೆ. ಮಚ್ಚೆ ತೋರಿಸಿದೆ, ಅಂಚು ತೋರಿಸಿದೆ. ನಮ್ಮ ನೆರಳು ಒಂದು ಕಡೆ ಬಿದ್ದಿದ್ದರೆ ಚಿತ್ರದಲ್ಲಿ ನಮ್ಮ ಹಿಂದೆ ಓಡಾಡುತ್ತಿದ್ದ ಪ್ರವಾಸಿಗರ ನೆರಳು ಇನ್ನೊಂದು ಕಡೆ. ಚಿಕ್ಕವ್ವ ಆ ಹಲ್ಲಿನ ಸಾಲಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಶಿವನೇ, ಇದು ನಮ್ಮಕ್ಕ ಅಲ್ಲ! ಅವತ್ತಿಂದ ಕಣ್ಮುಚ್ಚಿದ್ರೆ ಇದೇ ಮುಖ ಬರ್ತೈತೆ ಕಣೇ. ಅಕ್ಕನ ಮುಖಾನೇ ಮರೆಸಿಬಿಟ್ಟೈತೆ ನಂಗೆ."

ಇಬ್ಬರೂ ಅತ್ತೆವು. ಅಲ್ಲೇ ಕೂತು ಚಿತ್ರದ ಮೇಲೆಯೇ, ನಮ್ಮ ಸೊಂಟಕ್ಕೆ ಅಡ್ಡಲಾಗಿ, 'ಎಐ ಚಿತ್ರ. ಇವರು ತಾಜ್‌ಮಹಲ್ ನೋಡಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದೆ. ಅಂಚಿನಲ್ಲಿ ಬರೆದರೆ ಯಾರಾದರೂ ಕತ್ತರಿಸಿಬಿಡುತ್ತಾರೆ. ಜೊತೆಗೆ ಡ್ಯಾಮಿನ ಫೋಟೊವನ್ನೂ ಸೇರಿಸಿ, ಮಂಜನಿಗೆ ಚೆನ್ನಾಗಿ ಬೈದು, ನೋಡಿದವರಿಗೆಲ್ಲ ಕಳಿಸು ಅಂದೆ. ಎಷ್ಟು ಜನಕ್ಕೆ ತಲುಪಿತೋ! ನನಗಂತೂ ಈಗಲೂ ನಿನ್ನನ್ನು ನೆನೆದರೆ ಮೊದಲು ಆ ನಗುವವಳೇ ಬರುತ್ತಾಳೆ. ಅವಳು ಸರಿಯುವ ತನಕ ಕಾದು ಕೂರುತ್ತೇನೆ.

ಚಿಕ್ಕವ್ವ ಎಡೆಗೆ ಬಂದಳು, ಹಸಿರು ಸೀರೆ ಇಟ್ಟಳು. ದೀಪಾವಳಿ ಕಳೆದ ಮೇಲೆ ಅವಳನ್ನು ನಿಜವಾಗಿಯೂ ಆಗ್ರಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ ಅವ್ವಾ. "ಅಲ್ಲಿ ನನ್ನ ಫೋಟೊ ತೆಗ್ದು, ಪಕ್ಕದಾಗೆ ಅಕ್ಕನ್ನ ಸೇರಿಸ್ತೀಯೇನೇ?" ಎಂದು ಕೇಳಿದಳು.

ಇಲ್ಲ ಅಂದೆ. ಅವಳ ಪಕ್ಕದಲ್ಲಿ ನೀನಿಲ್ಲದಿರುವುದು ಕಾಣಲಿ.

ನಿನ್ನ ಮಗಳು