ಐದನೆಯ ಬತ್ತಿ

ಕಾಪು
೧೮ ಫೆಬ್ರವರಿ ೨೦೨೫

ಪ್ರೀತಿಯ ಲೊರ್ನಾ,

ನಿನ್ನ ಪತ್ರ ಬಂದು ಎರಡು ತಿಂಗಳು ದಾಟಿತು. ಉತ್ತರ ಬರೆಯದೆ ಕೂತದ್ದಕ್ಕೆ ನೀನು ಬೈದರೂ ನಾನು ಕೇಳಿಸಿಕೊಳ್ಳಬೇಕಾದವಳೇ. ಫೋನ್ ಮಾಡೋಣವೆಂದರೆ ನಿನಗೆ ಈಗ ಎಡಗಿವಿಯೂ ಸರಿಯಾಗಿ ಕೇಳುವುದಿಲ್ಲ, ಬರೆದರೇ ಒಳ್ಳೆಯದು ಎಂದು ನಿನ್ನ ಸೊಸೆ ರೇಚಲ್ ಹೇಳಿದಳು. ಮೂವತ್ತು ವರ್ಷ ಮಕ್ಕಳ ಅಪಸ್ವರ ಹಿಡಿದು ತಿದ್ದಿದ ಮ್ಯೂಸಿಕ್ ಟೀಚರಿಗೆ ಹೀಗಾಗಬೇಕಿತ್ತೇ ಎಂದು ಬೇಸರವಾಯಿತು. ಶಿರ್ವಕ್ಕೆ ಬಂದು ಹೋಗಬೇಕೆಂದು ಎಷ್ಟೋ ಸಲ ಹೊರಟೆ. ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ಈ ಪತ್ರದಲ್ಲಿ ಉಂಟು.

ನನ್ನ ಸುದ್ದಿ ಹೆಚ್ಚೇನಿಲ್ಲ. ರಿಟೈರ್ ಆದ ಮೇಲೂ ವಾರಕ್ಕೆ ಒಂದಾದರೂ ಕಾರ್ಯಕ್ರಮಕ್ಕೆ ನಿರೂಪಣೆಗೆ ಕರೆಯುತ್ತಿದ್ದರು. ನವೆಂಬರಿನಿಂದ ನಾನೇ ಒಪ್ಪಿಕೊಳ್ಳುತ್ತಿಲ್ಲ. ಗಂಟಲು ಸರಿ ಇಲ್ಲ ಎನ್ನುತ್ತೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಶಿಲ್ಪಾ ಯಾಕೆ ಪಾಠಕ್ಕೆ ಬರುತ್ತಿಲ್ಲ, ಅವಳಿಗೆ ಏನಾಯಿತು ಎಂದು. ಅವಳನ್ನು ನನ್ನ ಹತ್ತಿರ ಕಳಿಸಿದವಳು ನೀನೇ. ಬನ್ನಂಜೆಯ ಒಂದು ಕೋಣೆಯ ಬಾಡಿಗೆ ಮನೆಯವಳು, ಬಾಗಲಕೋಟೆ ಕಡೆಯವರು, ಅಪ್ಪ ಯಂಕಪ್ಪ ಮಣಿಪಾಲದಲ್ಲಿ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಾನೆ, ಅಮ್ಮ ರೇಣುಕವ್ವ ಅಲ್ಲಿಯೇ ಫ್ಲ್ಯಾಟುಗಳಲ್ಲಿ ಕಸ ಗುಡಿಸುತ್ತಾಳೆ, ಹುಡುಗಿಯ ಸ್ವರ ಮಾತ್ರ ಬಿಡಬಾರದು ಎಂದು ನೀನು ಬರೆದಿದ್ದೆ. ಹಾಡು ನಾನು ಕಲಿಸಿದ್ದೇನೆ, ಮೈಕಿನ ಮುಂದೆ ನಾಲ್ಕು ಮಾತು ಆಡುವುದನ್ನು ನೀನು ಕಲಿಸು ಎಂದೆ.

ಕಲಿಸಿದೆ ಲೊರ್ನಾ. ಅದರಲ್ಲಿ ನಾನು ಕಡಿಮೆ ಮಾಡಲಿಲ್ಲ. ಪ್ರತಿ ಭಾನುವಾರ ಬಸ್ಸಿನಲ್ಲಿ ಕಾಪುವಿಗೆ ಬರುತ್ತಿದ್ದಳು. ಸಭೆ ಶುರುವಾಗುವಾಗಿನ ಎರಡು ವಿಷಯಗಳನ್ನು, ಪ್ರಾರ್ಥನೆ ಮತ್ತು ದೀಪವನ್ನು, ಮೊದಲು ಕಲಿಯಬೇಕೆಂದೆ. ಪ್ರಾರ್ಥನೆಯ ಅರ್ಥವನ್ನು ಹಾಡುವ ಮೊದಲೇ ಹೇಳಿಬಿಡಬೇಕು, ಎರಡೇ ವಾಕ್ಯದಲ್ಲಿ. ಹಾಡಾದ ಮೇಲೆ ಅರ್ಥ ಹೇಳಿದರೆ ಕೇಳಿದ ಸುಖ ಹಾಳಾಗುತ್ತದೆ. ದೀಪದ ಅರ್ಥಕ್ಕೆ ಸಿಗುವ ಸಮಯ ಅತಿಥಿಗಳು ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ಕಾಲುದೀಪದ ಹತ್ತಿರ ತಲುಪುವಷ್ಟು ಮಾತ್ರ. ಬೆಂಕಿ ಬತ್ತಿಗೆ ತಾಗುವಾಗ ಮಾತು ನಿಂತಿರಬೇಕು. ಫ್ಯಾನ್ ಆರಿಸಿದ್ದಾರೆಯೇ, ಬತ್ತಿಗಳು ಎಣ್ಣೆಯಲ್ಲಿ ಚೆನ್ನಾಗಿ ನೆನೆದಿವೆಯೇ, ತುದಿಯನ್ನು ಹಿಂಡಿ ಸ್ವಲ್ಪ ಕರ್ಪೂರದ ಪುಡಿ ಹಚ್ಚಿದ್ದಾರೆಯೇ ಎಂದು ಮೊದಲೇ ಹೋಗಿ ನೋಡಬೇಕು. ಇಲ್ಲದಿದ್ದರೆ ಅತಿಥಿ ಬಗ್ಗಿಕೊಂಡು ಒದ್ದಾಡುವಾಗ ನಾವು ಮೈಕಿನಲ್ಲಿ ಜ್ಞಾನದ ಬೆಳಕು ಎನ್ನುತ್ತಾ ನಿಲ್ಲಬೇಕಾಗುತ್ತದೆ. ಇದನ್ನೆಲ್ಲ ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಅರ್ಥವನ್ನೂ ಹಿರಿಯರು ಹೇಳಿಕೊಂಡು ಬಂದ ಹಾಗೆಯೇ ಕಲಿಸಿದೆ. ಎಣ್ಣೆ ಎಂದರೆ ನಮ್ಮೊಳಗೆ ತುಂಬಿಕೊಂಡ ಆಸೆಗಳು, ಬತ್ತಿ ಎಂದರೆ ನಾನು ಎಂಬ ಭಾವ, ಜ್ವಾಲೆ ಅರಿವು. ಅರಿವು ಉರಿದಷ್ಟೂ ಎರಡೂ ಕರಗುತ್ತವೆ. ದೀಪವನ್ನು ಹೇಗೆ ಬಗ್ಗಿಸಿದರೂ ಜ್ವಾಲೆ ಮೇಲಕ್ಕೇ ಹೋಗುತ್ತದೆ. ಒಂದರಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದಕ್ಕೆ ಏನೂ ಕಡಿಮೆಯಾಗುವುದಿಲ್ಲ. ನಾನು ಇದನ್ನು ನಾಲ್ಕು ನಿಮಿಷ ಹೇಳುತ್ತಿದ್ದೆ. ನೀನು ಹಾರ್ಮೋನಿಯಂ ಮುಂದೆ ಕೂತು ಆಕಳಿಸುತ್ತಿದ್ದದ್ದು ನನಗೆ ನೆನಪುಂಟು.

ನವೆಂಬರಿನಲ್ಲಿ ಕಾರ್ಕಳದ ಒಂದು ಶಾಲೆಯ ಬೆಳ್ಳಿಹಬ್ಬಕ್ಕೆ ನನ್ನನ್ನು ಕರೆದರು. ಮುಖ್ಯ ಅತಿಥಿ ಉತ್ತರದ ಕಡೆಯ ಒಬ್ಬ ನಿವೃತ್ತ ನ್ಯಾಯಾಧೀಶೆ, ಕನ್ನಡ ಬಾರದು. ಸಮಿತಿಯ ಕಾರ್ಯದರ್ಶಿ ಪ್ರವೀಣ್ ನನ್ನ ಹಳೆಯ ವಿದ್ಯಾರ್ಥಿ. ಪ್ರಾರ್ಥನೆ ಮತ್ತು ದೀಪದ ಅರ್ಥವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಚಿಕ್ಕದಾಗಿ ಹೇಳಿದರೆ ಮೇಡಮ್ಮಿಗೆ ಅನುಕೂಲ ಎಂದ. ಅಷ್ಟನ್ನು ಶಿಲ್ಪಾ ಮಾಡಲಿ, ಉಳಿದ ಸಭೆ ನಾನು ನಡೆಸುತ್ತೇನೆ ಎಂದೆ. ಉದಾರ ಮನಸ್ಸಿನಿಂದಲೇ ಹೇಳಿದ್ದು.

ಅವಳು ನನ್ನದೇ ಹಳೆಯ ಕೆಂಪು ಅಂಚಿನ ಸೀರೆ ಉಟ್ಟಿದ್ದಳು. ಮೈಕಿನ ಮುಂದೆ ಬಂದು, ಎಂಟು ನೂರು ಜನ ಎಂಟು ನೂರು ಯೋಚನೆ ಹೊತ್ತು ಬಂದಿದ್ದೇವೆ, ಹಾಡಿನ ಮೊದಲ ನುಡಿ ವಿಘ್ನ ದೂರವಾಗಲಿ ಎನ್ನುತ್ತದೆ, ಎರಡನೆಯದು ಆಡುವ ಮಾತು ಒಳ್ಳೆಯದಾಗಲಿ ಎನ್ನುತ್ತದೆ, ಹಾಡು ಮುಗಿಯುವಾಗ ನಮ್ಮ ಕಿವಿಗಳು ಒಂದೇ ಕಡೆ ಇದ್ದರೆ ಪ್ರಾರ್ಥನೆ ಸಂದ ಹಾಗೆ ಎಂದಳು. ಆಮೇಲೆ ಹಾಡಿದಳು. ನೀನು ಕಲಿಸಿದ ರಾಗ. ಅದನ್ನು ವರ್ಣಿಸಿ ನಿನಗೆ ಬರೆಯುವ ಧೈರ್ಯ ನನಗಿಲ್ಲ.

ಸ್ವಾಗತವಾಯಿತು. ಅತಿಥಿಗಳು ದೀಪದತ್ತ ಹೊರಟರು. ಆಸೆ, ಅಹಂಕಾರ, ಅರಿವು ಎಂದು ಮೂರು ವಾಕ್ಯ ಹೇಳಿ, ನಾನು ಕಲಿಸದ ಒಂದು ಮಾತು ಸೇರಿಸಿದಳು. "ನಮ್ಮ ಅವ್ವ ದಿನಾ ಸಂಜೆ ಕೆಲಸದಿಂದ ಬಂದು ಮೊದಲು ದೀಪ ಹಚ್ಚುತ್ತಾಳೆ. ಅರ್ಥ ಕೇಳಿದರೆ, ಕತ್ತಲಾಗಿತ್ತು, ಹಚ್ಚಿದೆ ಎನ್ನುತ್ತಾಳೆ." ಅದನ್ನೇ ಇಂಗ್ಲಿಷಿನಲ್ಲಿಯೂ ಹೇಳಿದಳು. ಒಟ್ಟು ಒಂದು ನಿಮಿಷವೂ ಆಗಿರಲಿಲ್ಲ.

ನ್ಯಾಯಾಧೀಶೆ ಮೇಣದ ಬತ್ತಿ ಹಿಡಿದುಕೊಂಡೇ ನಿಂತರು. ನಿನ್ನ ತಾಯಿ ಬಂದಿದ್ದಾರೆಯೇ ಎಂದು ಕೇಳಿದರು. ಕಡೆಯ ಸಾಲಿನಲ್ಲಿ ಇದ್ದಾಳೆ ಎಂದಳು ಹುಡುಗಿ. ಕರೆಯಿರಿ, ಅವರೂ ಒಂದು ಬತ್ತಿ ಹಚ್ಚಲಿ ಎಂದರು.

ರೇಣುಕವ್ವ ಬಂದಳು. ಚಪ್ಪಲಿಯನ್ನು ಕುರ್ಚಿಯ ಅಡಿಯಲ್ಲಿಯೇ ಬಿಟ್ಟು ಬರಿಗಾಲಿನಲ್ಲಿ ಅಷ್ಟು ಉದ್ದ ನಡೆದು, ಸೆರಗನ್ನು ತಲೆಗೆ ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ನಾಲ್ಕು ಬತ್ತಿಗಳು ಹತ್ತಿದ್ದವು. ನ್ಯಾಯಾಧೀಶೆ ತಮ್ಮ ಕೈಯ ಮೇಣದ ಬತ್ತಿಯನ್ನು ಅವಳಿಗೆ ಕೊಟ್ಟರು. ಐದನೆಯದಕ್ಕೆ ಆಹ್ವಾನ ಪತ್ರಿಕೆಯಲ್ಲಿ ಸಮಿತಿಯ ಅಧ್ಯಕ್ಷರ ಹೆಂಡತಿಯ ಹೆಸರಿತ್ತು. ಅವರು ಪಕ್ಕದಲ್ಲಿ ನಗುತ್ತಾ ನಿಂತಿದ್ದರು. ಪರದೆಯ ಬದಿಯಿಂದ ಪ್ರವೀಣ್ ನನಗೆ ಬೇಡ ಎಂದು ಸನ್ನೆ ಮಾಡಿದ. ನಿರೂಪಕಿಯಾದವಳು ಸಮಿತಿ ಹೇಳಿದ್ದನ್ನು ನಡೆಸಿಕೊಡಬೇಕಲ್ವಾ?

ನಾನು ಮೈಕ್ ತೆಗೆದುಕೊಂಡೆ. ನನ್ನ ಅತ್ಯಂತ ಮೃದುವಾದ ಸ್ವರದಲ್ಲಿ ಹೇಳಿದೆ: "ಪಂಚದೀಪಕ್ಕೆ ಒಂದು ಶಾಸ್ತ್ರ ಉಂಟು. ನಾಲ್ಕು ಬತ್ತಿಗಳು ನಾಲ್ಕು ದಿಕ್ಕಿಗೆ. ಐದನೆಯದು ಊರ್ಧ್ವಮುಖ. ಅದನ್ನು ಸಂಕಲ್ಪ ಮಾಡಿದವರೇ ಬೆಳಗಬೇಕು, ಬೇರೆಯವರ ಕೈ ತಾಗಬಾರದು. ಆ ತಾಯಿ ದೀಪವನ್ನು ಸಂಬಂಧಪಟ್ಟವರ ಕೈಗೆ ದಾಟಿಸಿ ತಮ್ಮ ಸೇವೆ ಸಲ್ಲಿಸಲಿದ್ದಾರೆ."

ಅಂಥ ಶಾಸ್ತ್ರ ಎಲ್ಲಿಯೂ ಇಲ್ಲ ಲೊರ್ನಾ. ಆ ಕ್ಷಣದಲ್ಲಿ ಕಟ್ಟಿದ್ದು. ಮೂವತ್ತು ವರ್ಷದ ಅಭ್ಯಾಸ, ತಡವರಿಸಲೂ ಇಲ್ಲ.

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಕನ್ನಡ ಬಾರದ ನ್ಯಾಯಾಧೀಶೆಯೂ ತಟ್ಟಿದರು. ರೇಣುಕವ್ವನಿಗೆ ಅರ್ಥವಾಯಿತು. ಬತ್ತಿಯ ಹತ್ತಿರ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಕರಗಿದ ಮೇಣ ಅವಳ ಬೆರಳಿನ ಮೇಲೆ ಇಳಿಯುತ್ತಿತ್ತು, ಕೊಡವಲಿಲ್ಲ. ಅಧ್ಯಕ್ಷರ ಹೆಂಡತಿ ಅದನ್ನು ತೆಗೆದುಕೊಂಡು ಹಚ್ಚಿದರು. ಫೋಟೋದವನು ರೇಣುಕವ್ವನಿಗೆ ಬದಿಗೆ ನಿಲ್ಲಲು ಕೈ ಮಾಡಿದ. ಶಿಲ್ಪಾ ಎರಡನೆಯ ಮೈಕಿನ ಹಿಂದೆ ಇದ್ದಳು. ಕಾರ್ಯಕ್ರಮದ ಚೀಟಿಯಲ್ಲಿ ಮುಂದೆ ಇದ್ದದ್ದು ಅವಳ ಮಾತು. ದೀಪ ಬೆಳಗಿದ ಗಣ್ಯರಿಗೆಲ್ಲ ಧನ್ಯವಾದಗಳು ಎಂದು ಸ್ವಚ್ಛವಾಗಿ ಓದಿದಳು. ನಾನು ತಿದ್ದಿದ ಉಚ್ಚಾರಣೆ. ಒಂದು ಅಕ್ಷರವೂ ತಪ್ಪಲಿಲ್ಲ.

ಸಭೆ ಮುಗಿದ ಮೇಲೆ ರೇಣುಕವ್ವ ನನ್ನ ಹತ್ತಿರ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ. ಅವಳು ಕೈ ಮುಗಿದು, "ಟೀಚರ್‌ರ, ಆ ಶಾಸ್ತ್ರ ಖರೇನ ಐತೇನ್ರಿ? ನನಗ ಗೊತ್ತಿರಲಿಲ್ರಿ. ಮನ್ಯಾಗೂ ನಾ ಐದು ಬತ್ತೀನೂ ಹಚ್ಚಿಬಿಡ್ತೀನಿ ಹಬ್ಬಕ್ಕ," ಎಂದಳು.

ಅಲ್ಲಿ ನಿಜ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ನಾನು "ಉಂಟು" ಎಂದೆ.

ಡಿಸೆಂಬರ್ ಮೊದಲ ವಾರ ಶಿಲ್ಪಾ ಕಾಪುವಿಗೆ ಬಂದಳು. ಸೀರೆಯನ್ನು ಒಗೆದು ಇಸ್ತ್ರಿ ಹಾಕಿ ತಂದಿದ್ದಳು. ಕೂತುಕೊಳ್ಳಲಿಲ್ಲ. "ಟೀಚರ್, ಐದನೆಯ ಬತ್ತಿಯದ್ದು ಯಾವ ಪುಸ್ತಕದಲ್ಲಿ ಉಂಟು?" ಎಂದು ಕೇಳಿದಳು. ಪುಸ್ತಕದಲ್ಲಿ ಇರುವುದಿಲ್ಲ, ಸಂಪ್ರದಾಯ ಎಂದೆ. ತಾನು ಲೈಬ್ರರಿಯಲ್ಲಿ ಹುಡುಕಿದೆ, ಎರಡು ದೇವಸ್ಥಾನದ ಭಟ್ಟರನ್ನೂ ಕೇಳಿದೆ, ಅವರು ನಕ್ಕರು ಎಂದಳು. ಅವ್ವನಿಗೆ ಅದನ್ನು ಹೇಳಿದರೂ ನಂಬುವುದಿಲ್ಲ, ಅಷ್ಟು ಓದಿದ ಟೀಚರು ಎರಡು ಸಲ ಹೇಳಿದ್ದಾರೆ ಎನ್ನುತ್ತಾಳೆ. ಇಷ್ಟು ವರ್ಷ ತಪ್ಪು ಮಾಡಿದೆನೋ, ಊರಿನಲ್ಲಿ ಸತ್ತ ಮಗ ಅದಕ್ಕೇ ಸತ್ತನೋ ಎಂದು ಅಳುತ್ತಾಳೆ. ದೀಪ ಮುಟ್ಟುವುದನ್ನೇ ಬಿಟ್ಟಿದ್ದಾಳೆ ಎಂದಳು.

ಹೊರಡುವಾಗ ಒಂದೇ ಮಾತು ಕೇಳಿದಳು. ಒಮ್ಮೆ ಬನ್ನಂಜೆಗೆ ಬಂದು ಅವ್ವನಿಗೆ ನೀವೇ ಹೇಳುತ್ತೀರಾ ಎಂದು. ಬರುತ್ತೇನೆ ಎಂದೆ. ಹೋಗಿಲ್ಲ. ಎರಡು ಸಲ ಬಸ್ಸು ಹತ್ತಿ ಉಡುಪಿಯಲ್ಲಿ ಇಳಿದು, ಹಣ್ಣು ಕೊಂಡು ಹಿಂದೆ ಬಂದೆ. ಅವಳು ಈಗ ಮಣಿಪಾಲದ ಒಂದು ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳಂತೆ. ಹಾಡುವುದಿಲ್ಲವಂತೆ. ನಿನ್ನ ಹತ್ತಿರ ಬರದಿರುವುದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ನೀನು ನನ್ನ ಗೆಳತಿ, ಅಷ್ಟೇ ಕಾರಣ.

ಮದ್ದು ಬಿಡಬೇಡ. ರೇಚಲ್ ಹೇಳಿದ ಡಾಕ್ಟರಿಗೆ ತೋರಿಸು, ಕಿವಿಗೆ ಮೆಷಿನ್ ಹಾಕಲು ನಾಚಿಕೆ ಬೇಡ. ನಿನಗೂ ಮೊಮ್ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ನನಗಾಗಿ ಪ್ರಾರ್ಥಿಸು ಎಂದು ಕೇಳುವ ಮುಖ ಇಲ್ಲ. ಆ ತಾಯಿಗೂ ಮಗಳಿಗೂ ಪ್ರಾರ್ಥಿಸು.

ನಿನ್ನ
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಪ್ರವೀಣ್ ಸನ್ನೆ ಮಾಡಿದ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಕಾರ್ಯಕ್ರಮದ ವಿಡಿಯೋ ಕಳಿಸಿದ್ದಾನೆ, ಅದರಲ್ಲಿ ಅವನು ಸ್ಟೇಜಿಗೆ ಬೆನ್ನು ಹಾಕಿ ಚಹದ ತಟ್ಟೆ ಎಣಿಸುತ್ತಿದ್ದಾನೆ. ಅಧ್ಯಕ್ಷರ ಹೆಂಡತಿ ರೇಣುಕವ್ವನಿಗೆ ಜಾಗ ಬಿಟ್ಟು ಆಗಲೇ ಹಿಂದೆ ಸರಿದಿದ್ದರು. ನನಗೆ ಯಾರೂ ಏನೂ ಹೇಳಲಿಲ್ಲ. ಶಿಲ್ಪಾ ಮಾತಾಡಿದ ಆ ಒಂದು ನಿಮಿಷ ಸಭೆಯಲ್ಲಿ ಒಂದು ಕೆಮ್ಮು ಸಹ ಕೇಳಲಿಲ್ಲ ಲೊರ್ನಾ, ಮೂವತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹಾಗೆ ಸಿಕ್ಕಿರಲಿಲ್ಲ. ವಿಡಿಯೋದಲ್ಲಿ ನನ್ನ ಮುಖವೂ ಕಾಣುತ್ತದೆ. ರೇಣುಕವ್ವನ ಕೈಯಿಂದ ಮೇಣದ ಬತ್ತಿ ಹೋಗುವಾಗ ನಾನು ಅವಳನ್ನು ನೋಡುತ್ತಿಲ್ಲ. ಮಗಳಿಗೆ ಎಷ್ಟು ತಾಗಿತು ಎಂದು ಮಗಳ ಮುಖವನ್ನು ನೋಡುತ್ತಿದ್ದೇನೆ.