ಹುಣಸೆಮರದ ತನಕ ಬಂದ ಮಾತು

ಅಜ್ಜಂಪುರ
ಮಾರ್ಚ್ ೯, ಸೋಮವಾರ

ಪ್ರೀತಿಯ ಅಪ್ಪಾಜಿ,

ಮಂಡಿ ನೋವು ಹೇಗಿದೆ? ಡಾಕ್ಟರು ಹೇಳಿದಂತೆ ಕಾಲು ಮಡಿಸಿ ಚಾಚಿ ಮಾಡುತ್ತಿದ್ದೀರೋ, ಇಲ್ಲ ಮೈಸೂರಿನಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುತ್ತಿದ್ದೀರೋ? ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ. ಇಲ್ಲಿ ಅಮ್ಮ, ನಾನು ಚೆನ್ನಾಗಿದ್ದೇವೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಇವತ್ತು ಪೂರ್ತಿ ನಾನೇ ಮಾತಾಡಬೇಕು. ದಾರಿ ಸಿಕ್ಕಿತು ಅಪ್ಪಾಜಿ! ಅಮ್ಮ ನೆಟ್ಟ ತೆಂಗಿನ ತೋಟವನ್ನು ಇನ್ನು ಮಾರುವ ಮಾತೇ ಇಲ್ಲ.

ನಿನ್ನೆ ಬೆಳಿಗ್ಗೆ ರುದ್ರಮೂರ್ತಿ ಚಿಕ್ಕಪ್ಪನ ಮನೆಗೆ ಅಮ್ಮನ ಜೊತೆ ಹೋದೆ. ಅವರ ಹೊಲದ ಅಂಚಿನಲ್ಲಿ ಟ್ರ್ಯಾಕ್ಟರ್ ಹೋಗುವಷ್ಟು ಜಾಗ ಬಿಟ್ಟರೆ ತಲೆಹೊರೆಯಲ್ಲಿ ಕಾಯಿ ಸಾಗಿಸುವುದು ತಪ್ಪುತ್ತದೆ. ನೀವು ಇದನ್ನೇ ಕೇಳಲು ಎಷ್ಟು ಸಲ ಹೋಗಿ ಬಂದಿರಿ! ಪ್ರತಿ ಸಲವೂ ಊಟದ ಹೊತ್ತಿಗೆ ಅರ್ಧ ಒಪ್ಪಿಗೆ ಆಗುತ್ತಿತ್ತು. ಊಟ ಮುಗಿಸಿ ಕೈ ತೊಳೆದು ಬಂದ ನೀವು ಜಗಲಿಯಲ್ಲಿದ್ದವರಿಗೆಲ್ಲ ಹೊಸದಾಗಿ ಕೈ ಮುಗಿದು, ಶರಣು ಹೇಳಿ, ಮನೆ ಮಂದಿಯ ಆರೋಗ್ಯ ವಿಚಾರಿಸುತ್ತಿದ್ದಿರಿ. ಅಷ್ಟೇ ಸಾಕು. ಚಿಕ್ಕಪ್ಪ "ಏನ್ ಸೋಮಣ್ಣ, ಬಂದಿದ್ದು?" ಎನ್ನುತ್ತಿದ್ದರು. ನೀವು ಮರ್ಯಾದೆಗೆ ಮತ್ತೆ ತಾತನ ಕಾಲದಿಂದ ಶುರು ಮಾಡುತ್ತಿದ್ದಿರಿ. ಬೆಳಗಿನ ಒಪ್ಪಿಗೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ ಆಗುತ್ತಿತ್ತು.

ನಾನು ಎಚ್ಚರವಾಗಿದ್ದೆ. ಬೆಳಗಿನ ಮಾತಿನಲ್ಲಿ ಹೊಲದ ಅಂಚಿನ ಹುಣಸೆಮರದ ತನಕ ಜಾಗ ಬಿಡಲು ಚಿಕ್ಕಪ್ಪ ಒಪ್ಪಿದ್ದರು. ಎಲೆ ಹಾಕಿದ್ದೇವೆ ಎಂದು ಒಳಗಿನಿಂದ ಕರೆ ಬಂದಾಗ ಸುಮ್ಮನೆ ಏಳಲಿಲ್ಲ. "ಚಿಕ್ಕಪ್ಪ, ರಸ್ತೆಯಿಂದ ಹುಣಸೆಮರದ ತನಕ ಆಯ್ತು. ಮರದಿಂದಾಚೆಗಿಂದು ಊಟ ಮಾಡ್ಕಂಡು" ಎಂದೆ. ಅವರು ಹೂಂ ಎಂದರು. ಎಲ್ಲರೂ ಕೇಳಿಸಿಕೊಂಡರು.

ತಡೆಯಿರಿ, ಹಾಲು ಉಕ್ಕುತ್ತಿದೆ.

ಹಾಂ, ಬಂದೆ. ಹುಣಸೆಮರದ ಹತ್ತಿರ ಇದ್ದೆವು. ಊಟವಾಗಿ ಹೊರಗೆ ಬಂದೆ. ಚಿಕ್ಕಪ್ಪ ಆಗಲೇ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಜೋಡಿಸಿದರು. "ಶರಣು ಕಣಮ್ಮ, ಬಾ ಬಾ. ಅಪ್ಪ ಹೆಂಗಿದಾನೆ?" ಅಬ್ಬಾ, ಆ ನಗು! ನನ್ನ ಕೈ ತಾನಾಗಿಯೇ ಮೇಲೇಳಲು ಹೊರಟಿತ್ತು. ಮುಗಿಯಲಿಲ್ಲ. ಹಾಗೆಂದು ಮುಖ ತಿರುಗಿಸಿದರೂ ದೊಡ್ಡವರಿಗೆ ಅವಮಾನ. ಎಲೆಅಡಿಕೆ ತಟ್ಟೆ ಅವರ ಮುಂದೆ ಸರಿಸಿ, "ಊಟ ಸೇರ್ತಾ ಚಿಕ್ಕಪ್ಪ? ಬೆಳಿಗ್ಗೆ ಹೇಳಿದ್ನಲ್ಲ, ಅಪ್ಪಾಜಿ ಇನ್ನೂ ಹಂಗೇ ಇದಾರೆ. ನಾವೂ ಹುಣಸೆಮರದ ಹತ್ರಾನೇ ಇದೀವಿ" ಎಂದೆ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಹನುಮಂತಯ್ಯನವರು ಬಂದರು, ಊರಲ್ಲಿ ಜಾಗ ಅಳೆಯುವಾಗ ಹಗ್ಗ ಹಿಡಿಯುವ ಹಿರಿಯರು. ಬೆಳಿಗ್ಗೆ ಅವರಿರಲಿಲ್ಲ. ಅವರಿಗೆ ಮಾತ್ರ ಎದ್ದು ನಿಂತು ಕೈ ಮುಗಿದೆ, ಕ್ಷೇಮ ಕೇಳಿದೆ, ನೀರು ಕೊಟ್ಟೆ. ಹೊಸದಾಗಿ ಬಂದವರಿಗೆ ಅದು ಸಲ್ಲಲೇಬೇಕು. ಚಿಕ್ಕಪ್ಪನಿಗೆ ಸಂದು ಸಿಕ್ಕಿತು. "ಅಯ್ಯನೋರು ಬಂದ್ರಲ್ಲ, ಮೊದ್ಲಿಂದ ಹೇಳಮ್ಮ" ಎಂದರು. ನಾನು ಹನುಮಂತಯ್ಯನವರ ಕಡೆ ತಿರುಗಿ, "ಮರದ ತನಕ ಚಿಕ್ಕಪ್ಪ ಒಪ್ಪಿದಾರೆ, ಈಗ ಮರದಾಚೆಗಿಂದು ಮಾತಾಡ್ತಿದೀವಿ" ಎಂದೆ. ಅಷ್ಟೇ. ಮತ್ತೆ ಚಿಕ್ಕಪ್ಪನ ಕಡೆಗೆ, "ನೀವು ಊಟಕ್ಕೆ ಏಳೋ ಹೊತ್ತಿಗೆ 'ಮರದಾಚೆ ನಂದು ಬೋರ್‌ವೆಲ್ ಪೈಪ್ ಐತೆ, ಆದ್ರೆ' ಅಂತಿದ್ರಿ. ಆದ್ರೆ ಏನು ಚಿಕ್ಕಪ್ಪ?"

ಅವರದೇ ಮಾತು, ಅರ್ಧಕ್ಕೆ ನಿಂತದ್ದು. ಎಲ್ಲರೂ ಅವರ ಬಾಯಿ ನೋಡುತ್ತಿದ್ದರು. ಚಿಕ್ಕಪ್ಪ ಅಡಿಕೆ ಜಗಿದರು, ಜಗಿದರು. ಆಮೇಲೆ ತೊಡೆ ತಟ್ಟಿ ನಕ್ಕರು. "ಆದ್ರೆ ಏನು, ಪೈಪ್ ಆಳಕ್ಕೆ ಹೂತ್ರೆ ಆಯ್ತು. ಬಿಡಲ್ಲ ಕಣ್ರೀ ಈ ಹುಡುಗಿ!" ಸಂಜೆಯೊಳಗೆ ಗೂಟ ಹೊಡೆದಾಯಿತು. ಇವತ್ತು ಬೆಳಿಗ್ಗೆ ನಮ್ಮ ಟ್ರ್ಯಾಕ್ಟರ್ ತೋಟದ ಬುಡಕ್ಕೇ ಹೋಗಿ ನಿಂತಿತು ಅಪ್ಪಾಜಿ. ಅಮ್ಮ ಟ್ರೈಲರ್ ಮೇಲೆ ನಿಂತು ಬಂದಳು. ಇಳಿ ಎಂದರೆ ಇಳಿಯಲೇ ಇಲ್ಲ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಅಮ್ಮ ನಿಮಗೆ ಮಾತ್ರೆ ನೆನಪು ಮಾಡಲು ಹೇಳಿದ್ದಾಳೆ.

ಗೆದ್ದು ಬಂದ ನಿಮ್ಮ ಮಗಳು,
ಕೋಮಲಾ

ಮರೆತೆ: ಗೂಟ ಹೊಡೆದ ಮೇಲೆ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಹೋದ ವರ್ಷ ಕಾಫಿ ಕುಡ್ಕಂಡು ಹೋಗೋ ಅಂದೆ, ನಿಮ್ಮಪ್ಪ ತಿರುಗೂ ನೋಡದೆ ಎದ್ದೋದ. ಆವತ್ತಿಂದ ಮಾತಿಲ್ಲ" ಎಂದರು. ಕಣ್ಣು ಒದ್ದೆಯಾಗಿತ್ತು. ಭಾನುವಾರ ಮೈಸೂರಿಗೆ ನಿಮ್ಮನ್ನು ನೋಡಲು ಬರುತ್ತಾರೆ. ಅಪ್ಪಾಜಿ, ದಯವಿಟ್ಟು ಎದ್ದು ಕೈ ಮುಗಿಯಬೇಡಿ, ಕ್ಷೇಮವೇ ಎನ್ನಬೇಡಿ. ಅವರು ಬಾಗಿಲಲ್ಲಿ ಕಾಣಿಸಿದ ಕೂಡಲೇ "ಎಲ್ಲೋ ರುದ್ರ, ಆವತ್ತಿನ ಕಾಫಿ?" ಎಂದುಬಿಡಿ.