ಹೊಸಬರು ಎದ್ದು ನಿಲ್ಲಿ ಎಂದಾಗ

ಸೊಸೆಗೆ ಅತ್ತೆಯ ಆಶೀರ್ವಾದ.

ಮನೆ ನೆನಪಲ್ಲೇ ಸೊರಗಿದ ನಿನ್ನ ಮಗಳನ್ನು ಊರಿಗೆ ಕರೆತರಲು ಈ ಪರದೇಶಕ್ಕೆ ಬಂದೆನಲ್ಲ, ಈಗ ನನ್ನ ತಲೆಯೇ ಕಲಸಿಹೋಗಿದೆ.

ಇಂದು ಆರಾಧನೆಗೆ ಹೋದೆವು. ಬಾಡಿಗೆಗೆ ಹಿಡಿದ ಶಾಲೆಯ ಊಟದ ಕೋಣೆ, ಮಡಚುವ ಕುರ್ಚಿಗಳು. ಓದಲು, ದುಡಿಯಲು ಬಂದ ನಮ್ಮ ಭಾಷೆಯ ಮಕ್ಕಳೇ ತುಂಬಿದ್ದರು. ಪಾದ್ರಿ ಬೈಬಲಿನಿಂದ, ಪರದೇಶದಲ್ಲಿ ಸೆರೆಯಾಗಿ ಅತ್ತವರ ಕಥೆ ಓದಿ ಪ್ರಸಂಗ ಮಾಡಿದರು. "ದೇವರೇನು ನಿಮ್ಮನ್ನ ವಿಮಾನ ಹತ್ತಿಸಿ ಟಾಟಾ ಮಾಡಿ ಊರಲ್ಲೇ ಉಳ್ಕೊಂಡ್ನಾ? ಅಳೋದು ತಪ್ಪಲ್ಲ, ಅಳಿ. ಆದ್ರೆ ಈ ಊರಿಗೋಸ್ಕರಾನೂ ಪ್ರಾರ್ಥನೆ ಮಾಡಿ. ಪಕ್ಕದ ಮನೆಯವರ ಹೆಸರು ಕೇಳಿ" ಎಂದರು.

ಕೊನೆಗೆ "ಹೊಸಬರು ಎದ್ದು ನಿಲ್ಲಿ" ಎಂದರು. ಹಾಗೆ ಎದ್ದವರನ್ನು ಹಳಬರು ಮನೆಗೆ ಊಟಕ್ಕೆ ಕರೆದೊಯ್ಯಬೇಕಂತೆ. ನಿನ್ನ ಮಗಳು ಎರಡು ವರ್ಷದಿಂದ ಪ್ರತಿ ಭಾನುವಾರವೂ ಏಳುತ್ತಾಳೆಂದು ಪಕ್ಕದ ಕುರ್ಚಿಯಲ್ಲಿದ್ದ ನರ್ಸಮ್ಮ ನಕ್ಕಳು. ಇಂದು ನಾನೆದ್ದೆ, ಅವಳು ಏಳಲಿಲ್ಲ.

"ಏಳೇ, ಕಾಲು ಜೋಮು ಹಿಡೀತಾ?" ಎಂದು ತಿವಿದೆ.

"ನಾನು ಹೊಸಬಳಲ್ಲ ಅಜ್ಜಿ" ಎಂದವಳೇ, ಹೊಸಬರ ನಡುವೆ ಅಳುತ್ತ ನಿಂತಿದ್ದ ಒಬ್ಬ ಹುಡುಗಿಯ ಕೈ ಹಿಡಿದು, "ನಮ್ಮನೆಗೆ ಬಾ, ನಾನೇ ಅಡುಗೆ ಮಾಡ್ತೀನಿ" ಎಂದಳು. ನಿನ್ನ ಮನೆಯಲ್ಲಿ ಒಲೆ ಹಚ್ಚಿದವಳೇ ಅವಳು?

ಮಂಡಿನೋವು ಕಡಿಮೆ. ಬಿಪಿ ಮಾತ್ರೆ ಹತ್ತು ದಿನಕ್ಕಿದೆ.

ಅವಳು ನನ್ನ ಜೊತೆ ಬರುವುದಿಲ್ಲವಂತೆ. ಆ ಪಾದ್ರಿಯನ್ನು ಹರಸಲೋ ಶಪಿಸಲೋ ತಿಳಿಯದು. ನಾನೊಬ್ಬಳೇ ಬಂದಿಳಿದದ್ದು ನೋಡಿ ನೀನು ಅತ್ತರೆ ಏನು ಹೇಳಬೇಕೆಂದು ಮಾತ್ರ ಅವರ ಪ್ರಸಂಗದಲ್ಲಿ ಇರಲಿಲ್ಲ.

ನಿನ್ನ ಅತ್ತೆ